ಸಾಫ್ಟ್‌ವೇರ್ ಕಂಪನಿಯ ಬರಹವನ್ನು ಅಂಗಡಿಯವರಿಗೆ ಅರ್ಥವಾಗುವಂತೆ ತಿದ್ದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೆ ವೆಬ್‌ಸೈಟ್ ಬರಹ ಬರೆದುಕೊಡುವುದು ನನ್ನ ಕೆಲಸ. ನಮ್ಮ ಕಡೆ ಅದಕ್ಕೆ ಕಾಪಿ ಅನ್ನುತ್ತಾರೆ. ಹೊಸದಾಗಿ ಬರೆಯುವುದಕ್ಕಿಂತ, ಯಾರೋ ಬರೆದಿಟ್ಟದ್ದನ್ನು ತಿದ್ದುವ ಕೆಲಸವೇ ಜಾಸ್ತಿ ಬರುತ್ತದೆ. ಆ್ಯಪ್ ಕೊಳ್ಳಬೇಕಾದವರು ಪೇಂಟ್ ಅಂಗಡಿಯವರು, ಔಷಧಿ ಅಂಗಡಿಯವರು, ಸೀರೆ ವ್ಯಾಪಾರಿಗಳು. ಬರಹ ಮಾತ್ರ ಒಬ್ಬ ಇಂಜಿನಿಯರ್ ಇನ್ನೊಬ್ಬ ಇಂಜಿನಿಯರ್‌ಗೆ ಬರೆದಂತೆ ಇರುತ್ತದೆ. ಈ ಕೆಲಸ ಕಲಿಯುತ್ತಿರುವವರೂ ಕಂಪನಿ ಕಟ್ಟುತ್ತಿರುವವರೂ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ಉದ್ರಿ ವಸೂಲಿಗೆ ನೆರವಾಗುವ ಒಂದು ಆ್ಯಪ್, ಮತ್ತು ಅದನ್ನು ತೋರಿಸಲು ನಾನು ಹೋಗಿದ್ದ ತುಮಕೂರಿನ ಒಂದು ಹಾರ್ಡ್‌ವೇರ್ ಅಂಗಡಿ.

## ಜಾರ್ಗನ್ ಅಂದರೆ ಕಷ್ಟದ ಇಂಗ್ಲಿಷ್ ಪದಗಳು, ಅಷ್ಟೇ ಅಲ್ವಾ?

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಇಂಗ್ಲಿಷ್ ಪದ ಕಂಡಲ್ಲೆಲ್ಲ ಕತ್ತರಿ ಹಾಕುತ್ತಿದ್ದೆ. ಒಂದು ಸಲ ಜಿಎಸ್‌ಟಿ ಪುಟವೊಂದರಲ್ಲಿ ‘ಇನ್‌ಪುಟ್’ ತೆಗೆದು ‘ಖರೀದಿಯ ಮೇಲೆ ಈಗಾಗಲೇ ಕಟ್ಟಿದ ತೆರಿಗೆಯ ಮರುಹೊಂದಾಣಿಕೆ’ ಅಂತ ಬರೆದೆ. ಅಂಗಡಿಯವರೊಬ್ಬರು ಓದಿ, ‘ಇದೇನ್ರೀ, ಇನ್‌ಪುಟ್ ತಾನೇ? ಹಾಗಂತ ಬರೀರಿ’ ಅಂದರು.

ಜಿಎಸ್‌ಟಿ ಬಂದದ್ದು 2017ರ ಜುಲೈನಲ್ಲಿ. ಅಲ್ಲಿಂದ ಇಲ್ಲಿಗೆ ನಮ್ಮ ಅಂಗಡಿಯವರು ಎಷ್ಟೋ ಕಷ್ಟದ ಪದಗಳನ್ನು ಅರೆದು ಕುಡಿದಿದ್ದಾರೆ. ಇನ್‌ಪುಟ್, ಎಚ್‌ಎಸ್‌ಎನ್ ಕೋಡ್, ಕ್ರೆಡಿಟ್ ನೋಟ್, 50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್. ಎಷ್ಟು ಇನ್‌ಪುಟ್ ಸಿಗುತ್ತದೆ ಅಂತ ತೋರಿಸುವ, ಪ್ರತಿ ತಿಂಗಳ 14ರಂದು ಬರುವ 2ಬಿ ಪಟ್ಟಿಯ ಬಗ್ಗೆ ಅವರು ನಿಮಗೇ ಪಾಠ ಹೇಳುತ್ತಾರೆ. ಇವೆಲ್ಲ ತಾಂತ್ರಿಕ ಪದಗಳೇ. ಆದರೆ ಅವರ ಪದಗಳು. ಅವನ್ನು ಬಿಡಿಸಿ ಹೇಳಹೋದರೆ ಮಗುವಿಗೆ ಹೇಳಿದ ಹಾಗಾಗುತ್ತದೆ.

ಹಾಗಾಗಿ ಪದ ಕಷ್ಟದ್ದೋ ಸುಲಭದ್ದೋ ಅಂತ ಈಗ ನೋಡುವುದಿಲ್ಲ. ಈ ಪದ ಯಾರ ಬಾಯಲ್ಲಿದೆ ಅಂತ ನೋಡುತ್ತೇನೆ. ಅಂಗಡಿಯವರ ಬಾಯಲ್ಲಿದ್ದರೆ ಹಾಗೇ ಇರಲಿ. ಕಂಪನಿಯವರ ಬಾಯಲ್ಲಿ ಮಾತ್ರ ಇದ್ದರೆ ಅದರ ಹಿಂದೆ ಏನಿದೆ ಅಂತ ಹುಡುಕಬೇಕು. ಕೆಲವು ಪದಗಳ ಹಿಂದೆ ನಿಜವಾಗಿ ಒಂದು ಅನುಕೂಲ ಅಡಗಿರುತ್ತದೆ. ಕೆಲವದರ ಹಿಂದೆ ಏನೂ ಇರುವುದಿಲ್ಲ. ‘ತಡೆರಹಿತ’, ‘ನೆಕ್ಸ್ಟ್-ಜೆನ್’, ‘ಸಬಲೀಕರಣ’ ಈ ಎರಡನೇ ಜಾತಿಗೆ ಸೇರಿದವು. ಅವಕ್ಕೆ ಬದಲಿ ಪದ ಹುಡುಕುತ್ತಾ ಕೂರಬೇಡಿ, ಸುಮ್ನೆ ಹೊಡೆದುಹಾಕಿ.

## ಒಂದು ಪ್ಯಾರಾ ತೆಗೆದುಕೊಂಡು ತಿದ್ದಿ ತೋರಿಸಿ.

ಕಂಪನಿ ನನ್ನ ಕೈಗೆ ಕೊಟ್ಟ ಬರಹ ಹೀಗಿತ್ತು:

> ‘ರಿಯಲ್-ಟೈಮ್ ವಿಸಿಬಿಲಿಟಿ ನೀಡುವ ಕ್ಲೌಡ್ ಆಧಾರಿತ ಎಂಡ್-ಟು-ಎಂಡ್ ರಿಸೀವಬಲ್ಸ್ ಪ್ಲಾಟ್‌ಫಾರ್ಮ್. ಆಟೋಮೇಟೆಡ್ ರಿಮೈಂಡರ್ ವರ್ಕ್‌ಫ್ಲೋ ಮತ್ತು ತಡೆರಹಿತ ಟ್ಯಾಲಿ ಇಂಟಿಗ್ರೇಷನ್ ಮೂಲಕ ನಿಮ್ಮ ನಗದು ಹರಿವನ್ನು ಸಬಲೀಕರಿಸಿ.’

ಇದನ್ನು ತಿದ್ದುವಾಗ ನಾನು ಮಾಡುವುದು ಒಂದೇ ಕೆಲಸ. ಒಂದೊಂದೇ ಪದದ ಮುಂದೆ ನಿಂತು, ಆ್ಯಪ್ ಮಾಡಿದ ಹುಡುಗರನ್ನು ‘ಹಾಗಾದರೆ ಅಂಗಡಿಯಲ್ಲಿ ಏನಾಗುತ್ತದೆ?’ ಅಂತ ಕೇಳುತ್ತೇನೆ. ಉತ್ತರದಲ್ಲಿ ಕಣ್ಣಿಗೆ ಕಾಣುವ ಒಂದು ವಸ್ತು, ಒಬ್ಬ ಮನುಷ್ಯ ಅಥವಾ ಒಂದು ಹೊತ್ತು ಬರುವವರೆಗೆ ಬಿಡುವುದಿಲ್ಲ.

‘ರಿಸೀವಬಲ್ಸ್’ ಅಂದರೆ ಬರಬೇಕಾದ ದುಡ್ಡು. ಅಂಗಡಿಯಲ್ಲಿ ಅದಕ್ಕೆ ಉದ್ರಿ ಅಥವಾ ಬಾಕಿ ಅನ್ನುತ್ತಾರೆ. ಇದು ಸುಲಭವಾಗಿ ಮುಗಿಯಿತು.

‘ರಿಯಲ್-ಟೈಮ್ ವಿಸಿಬಿಲಿಟಿ’ ಹತ್ತಿರ ಗಾಡಿ ನಿಂತಿತು. ಅಂಗಡಿಯಲ್ಲಿ ಏನಾಗುತ್ತದೆ ಅಂತ ಕೇಳಿದೆ. ಮಾಲೀಕರು ಫೋನ್ ತೆಗೆದರೆ ಆ ಕ್ಷಣದ ಬಾಕಿ ಕಾಣುತ್ತದೆ ಅಂದರು. ಆ ಲೆಕ್ಕ ಎಲ್ಲಿಂದ ಬರುತ್ತದೆ? ಟ್ಯಾಲಿಯಿಂದ. ಟ್ಯಾಲಿಗೆ ಯಾರು ಹಾಕುತ್ತಾರೆ? ಲೆಕ್ಕ ಬರೆಯುವ ಹುಡುಗ. ಯಾವಾಗ? ಸಂಜೆ ಆರರ ಮೇಲೆ, ದಿನದ ಬಿಲ್ಲುಗಳನ್ನೆಲ್ಲ ಒಟ್ಟಿಗೆ. ಅಂದರೆ ಬೆಳಿಗ್ಗೆ ಹತ್ತಕ್ಕೆ ಮಾಲೀಕರು ನೋಡುವುದು ನಿನ್ನೆ ಸಂಜೆಯ ಲೆಕ್ಕವನ್ನು. ರಿಯಲ್-ಟೈಮ್ ಅನ್ನುವುದು ಆ್ಯಪ್‌ನ ಮಟ್ಟಿಗೆ ಸರಿ, ಅಂಗಡಿಯ ಮಟ್ಟಿಗೆ ಸುಳ್ಳು. ಕಷ್ಟದ ಪದದ ಹಿಂದೆ ಕುಳಿತಿದ್ದ ಈ ಸುಳ್ಳು ಕಂಪನಿಯಲ್ಲಿ ಯಾರಿಗೂ ಕಂಡಿರಲಿಲ್ಲ. ಬೇಕಂತಲೇ ಬರೆದದ್ದೂ ಅಲ್ಲ.

‘ಇಂಟಿಗ್ರೇಷನ್’ ಅಂದರೆ ಟ್ಯಾಲಿಯಲ್ಲಿ ಬರೆದದ್ದು ತಾನಾಗಿ ಆ್ಯಪ್‌ಗೆ ಬರುತ್ತದೆ. ಅಂಗಡಿಯಲ್ಲಿ ಏನಾಗುತ್ತದೆ? ಎರಡೆರಡು ಸಲ ಬರೆಯುವ ಕೆಲಸ ಇಲ್ಲ. ಇದು ನಿಜವಾದ ಅನುಕೂಲ. ಆದರೆ ಟ್ಯಾಲಿ ಇರುವ ಕಂಪ್ಯೂಟರ್ ಆನ್ ಆಗಿ, ಇಂಟರ್ನೆಟ್ ಇದ್ದಾಗ ಮಾತ್ರ ಲೆಕ್ಕ ಬರುತ್ತದೆ. ‘ತಡೆರಹಿತ’ ಅಂತ ಬರೆದ ಜಾಗದಲ್ಲೇ ಒಂದು ತಡೆ ಇತ್ತು ನೋಡಿ.

ಕೊನೆಗೆ ಬರಹ ಹೀಗಾಯಿತು:

> ಯಾರಿಂದ ಎಷ್ಟು ಉದ್ರಿ ಬರಬೇಕು? ಬೆಳಿಗ್ಗೆ ಅಂಗಡಿ ತೆಗೆಯುವಾಗ ಫೋನಿನಲ್ಲೇ ನೋಡಿ.
>
> ನಿನ್ನೆಯವರೆಗೆ ಟ್ಯಾಲಿಯಲ್ಲಿ ಬರೆದ ಲೆಕ್ಕ ತಾನಾಗಿ ಬರುತ್ತದೆ. ಮತ್ತೆ ಬರೆಯಬೇಕಾಗಿಲ್ಲ. ಯಾರಿಗೆ ನೆನಪಿಸಬೇಕು ಅಂತ ನೀವು ಆರಿಸಿ. ಬಿಲ್ಲಿನ ಜೊತೆ ವಾಟ್ಸಾಪ್ ಮೆಸೇಜ್ ನಾವು ಕಳಿಸುತ್ತೇವೆ.

ಹೊಸ ಬರಹ ಹಳೆಯದಕ್ಕಿಂತ ಉದ್ದವಾಗಿದೆ. ಇದಕ್ಕೆ ಹೆದರಬೇಡಿ. ಓದುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದಕ್ಕಿಂತ, ಅರ್ಥವಾಗುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದು ಮುಖ್ಯ.

## ‘ಯಾರಿಗೆ ನೆನಪಿಸಬೇಕು ಅಂತ ನೀವು ಆರಿಸಿ’ ಅನ್ನುವ ಮಾತು ಮೂಲದಲ್ಲಿ ಇರಲೇ ಇಲ್ಲವಲ್ಲ?

ಇರಲಿಲ್ಲ. ಅದು ಸಿಕ್ಕಿದ್ದು ತುಮಕೂರಿನಲ್ಲಿ.

ಹಾರ್ಡ್‌ವೇರ್ ಅಂಗಡಿಗೆ ಮಧ್ಯಾಹ್ನ ಎರಡೂವರೆಗೆ ಹೋಗಿದ್ದೆ. ಬೆಳಿಗ್ಗೆ ಹೋದರೆ ಮಾತಾಡಲು ಆಗುವುದಿಲ್ಲ. ಮೇಸ್ತ್ರಿಗಳು, ಪ್ಲಂಬರ್‌ಗಳು ಅವತ್ತಿನ ಸಾಮಾನು ಒಯ್ಯಲು ಬಂದು ನಿಂತಿರುತ್ತಾರೆ. ಊಟ ಮುಗಿಸಿ ಮಾಲೀಕರು ಗಲ್ಲಾ ಪೆಟ್ಟಿಗೆ ಮುಂದೆ ಕುಳಿತಿದ್ದರು. ಹಳೆಯ ಬರಹವನ್ನೇ ತೋರಿಸಿದೆ. ಬೇರೆ ಯಾವ ಪದಕ್ಕೂ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ‘ಆಟೋಮೇಟೆಡ್’ ಮೇಲೆ ಬೆರಳಿಟ್ಟರು.

‘ಅಂದ್ರೆ ನನ್ನ ಕೇಳ್ದೇನೇ ಮೆಸೇಜ್ ಹೋಗತ್ತಾ?’

ಹೌದು ಸಾರ್, ನಿಮಗೆ ಕೆಲಸ ಕಮ್ಮಿ ಅಂದೆ.

‘ಬೇಡಪ್ಪ. ಆ ಕಂಟ್ರಾಕ್ಟರ್ ಇಪ್ಪತ್ತು ವರ್ಷದಿಂದ ನಮ್ಮಲ್ಲೇ ತಗೊಳ್ಳೋದು. ಅವ್ರ ಮನೇಲಿ ಮೊನ್ನೆ ತಾನೆ ಸಾವಾಗಿದೆ. ಇವತ್ತು ದುಡ್ಡು ಕೊಡಿ ಅಂತ ಮೆಸೇಜ್ ಹೋದ್ರೆ ನಾನು ಅವ್ರ ಮುಖ ಹೇಗೆ ನೋಡ್ಲಿ?’

ಕಂಪನಿ ತನ್ನ ದೊಡ್ಡ ಹೆಗ್ಗಳಿಕೆ ಅಂತ ಬರೆದಿದ್ದ ಪದ, ಗಿರಾಕಿಗೆ ಭಯ ಹುಟ್ಟಿಸುವ ಪದವಾಗಿತ್ತು. ಆ್ಯಪ್‌ನಲ್ಲಿ ಹೆಸರು ಆರಿಸುವ, ಕೆಲವರನ್ನು ಬಿಡುವ ಸೌಲಭ್ಯ ಮೊದಲಿಂದಲೂ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಎಲ್ಲೋ ಮೂಲೆಯಲ್ಲಿತ್ತು. ಯಾರೂ ಅದನ್ನು ಹೇಳಿಕೊಳ್ಳುವ ವಿಷಯ ಅಂದುಕೊಂಡಿರಲಿಲ್ಲ. ನಾನು ಅದನ್ನು ಮೊದಲ ಪ್ಯಾರಾಗೆ ತಂದೆ.

ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: ‘ಮೆಸೇಜ್ ಯಾರ ನಂಬರಿಂದ ಹೋಗತ್ತೆ?’ ಆ ಆ್ಯಪ್‌ನಲ್ಲಿ ಹೋಗುತ್ತಿದ್ದುದು ಕಂಪನಿಯ ನಂಬರಿನಿಂದ, ಅಂಗಡಿಯ ಹೆಸರು ಮೆಸೇಜಿನ ಒಳಗೆ. ಗೊತ್ತಿಲ್ಲದ ನಂಬರಿನಿಂದ ‘ಇಷ್ಟು ಬಾಕಿ ಕಟ್ಟಿ’ ಅಂತ ಲಿಂಕ್ ಬಂದರೆ ಈ ಕಾಲದಲ್ಲಿ ಯಾರು ಒತ್ತುತ್ತಾರೆ? ಮೋಸದವರು ಅಂದುಕೊಳ್ಳುತ್ತಾರೆ, ಅಲ್ವಾ? ಇದನ್ನು ಬರಹದಲ್ಲಿ ಸರಿ ಮಾಡಲಾಗುವುದಿಲ್ಲ. ‘ಮೆಸೇಜ್ ನಮ್ಮ ನಂಬರಿನಿಂದ, ನಿಮ್ಮ ಅಂಗಡಿ ಹೆಸರಿನಲ್ಲಿ ಹೋಗುತ್ತದೆ. ಮೊದಲ ಸಲ ಕಳಿಸುವ ಮುಂಚೆ ಗಿರಾಕಿಗೆ ಒಂದು ಮಾತು ಹೇಳಿಬಿಡಿ’ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಕಂಪನಿಯವರಿಗೆ ಈ ಸಾಲು ಇಷ್ಟವಾಗಲಿಲ್ಲ. ಆದರೂ ಇಟ್ಟುಕೊಂಡರು.

## ಅಂಗಡಿಗೇ ಹೋಗಬೇಕಾ? ಫೋನಿನಲ್ಲಿ ಕೇಳಿದರೆ ಆಗಲ್ವಾ?

ಆಗುತ್ತದೆ, ಅರ್ಧ ಮಾತ್ರ. ಫೋನಿನಲ್ಲಿ ಅವರು ನಿಮಗೆ ಉತ್ತರ ಕೊಡುತ್ತಾರೆ. ಅಂಗಡಿಯಲ್ಲಿ ಕುಳಿತರೆ ಅವರು ಬೇರೆಯವರಿಗೆ ಕೊಡುವ ಉತ್ತರವೂ ಕೇಳಿಸುತ್ತದೆ. ನನಗೆ ಬೇಕಾದ ಪದಗಳು ಸಿಗುವುದು ಅಲ್ಲೇ. ‘ಉದ್ರಿ’ ಅನ್ನುವ ಪದವನ್ನು ನಾನು ಶೀರ್ಷಿಕೆಗೆ ಹಾಕಿದ್ದು, ಗಲ್ಲಾದ ಹಿಂದೆ ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡು ನೇತಾಡುತ್ತಿದ್ದುದರಿಂದ. ಹೋಗಲು ಆಗದೇ ಇದ್ದರೆ ಕಂಪನಿಯ ಕಸ್ಟಮರ್ ಕೇರ್‌ನಲ್ಲಿ ಕೂರುವವರನ್ನು ಹಿಡಿಯಿರಿ. ಮೊದಲ ವಾರ ಗಿರಾಕಿಗಳು ಏನು ಕೇಳುತ್ತಾರೆ, ಯಾವ ಪದ ಬಳಸಿ ಕೇಳುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ ಆಗಿರುತ್ತದೆ.

## ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ಅನುವಾದ ಮಾಡಿಸಿದರೆ ಸಾಕಲ್ಲವೇ?

ಮೂಲದಲ್ಲೇ ಅರ್ಥ ಇಲ್ಲದಿದ್ದರೆ ಅನುವಾದದಲ್ಲಿ ಎಲ್ಲಿಂದ ಬರಬೇಕು? ಜೊತೆಗೆ ಹೊಸ ಕಾಯಿಲೆ ಅಂಟಿಕೊಳ್ಳುತ್ತದೆ. ‘ಸ್ಟಾಕ್’ ಹೋಗಿ ‘ದಾಸ್ತಾನು ನಿರ್ವಹಣೆ’ ಬರುತ್ತದೆ. ‘ಬಿಲ್ಲು’ ಹೋಗಿ ‘ಸರಕುಪಟ್ಟಿ’ ಬರುತ್ತದೆ. ‘ಪಾಸ್‌ವರ್ಡ್’ ‘ಗುಪ್ತಪದ’ ಆಗುತ್ತದೆ. ಪದಗಳು ತಪ್ಪಲ್ಲ, ಆದರೆ ಅಂಗಡಿಯಲ್ಲಿ ಯಾರೂ ಆಡುವುದಿಲ್ಲ. ಅಂಗಡಿಯವರ ಮಟ್ಟಿಗೆ ಇದೂ ಜಾರ್ಗನ್ನೇ, ಇಂಗ್ಲಿಷ್ ಬದಲು ಪುಸ್ತಕದ ಕನ್ನಡದ್ದು.

ನಾನು ಕನ್ನಡ ಪುಟವನ್ನು ಮೊದಲು ಬರೆಯುತ್ತೇನೆ, ಆಮೇಲೆ ಇಂಗ್ಲಿಷ್. ಕನ್ನಡದಲ್ಲಿ ‘ಎಂಡ್-ಟು-ಎಂಡ್’ ಅಂತ ಬರೆದು ತಪ್ಪಿಸಿಕೊಳ್ಳುವುದು ಕಷ್ಟ. ಎಲ್ಲಿಂದ ಎಲ್ಲಿಗೆ ಅಂತ ಹೇಳಲೇಬೇಕಾಗುತ್ತದೆ. ಹಾಗೆ ಬರೆದದ್ದನ್ನು ಇಂಗ್ಲಿಷಿಗೆ ತಂದಾಗ ಆ ಪುಟವೂ ಚೆನ್ನಾಗಿ ಬರುತ್ತದೆ.

ಊರೂರಿಗೆ ಪದ ಬದಲಾಗುತ್ತದೆ ಅನ್ನುವುದೂ ನೆನಪಿರಲಿ. ಹಳೇ ಮೈಸೂರು ಕಡೆ ಒಂದು ಪದ, ಹುಬ್ಬಳ್ಳಿ ಕಡೆ ಇನ್ನೊಂದು, ಮಂಗಳೂರಿನಲ್ಲಿ ಮತ್ತೊಂದು ಇರಬಹುದು. ಇದಕ್ಕೆ ದೊಡ್ಡ ಪರಿಹಾರವೇನೂ ಬೇಡ. ಬರೆದದ್ದನ್ನು ಮೂರು ಕಡೆಯ ಒಬ್ಬೊಬ್ಬರಿಗೆ ಓದಿಸಿ.

## ‘ಕ್ಲೌಡ್’ ಅನ್ನುವುದನ್ನು ಹೇಗೆ ಹೇಳುವುದು?

ಹೇಳಬೇಡಿ. ಅದರಿಂದ ಆಗುವುದನ್ನು ಹೇಳಿ: ‘ಫೋನ್ ಕಳೆದರೂ ಲೆಕ್ಕ ಹೋಗುವುದಿಲ್ಲ. ಹೊಸ ಫೋನಿನಲ್ಲಿ ಅದೇ ನಂಬರ್ ಹಾಕಿದರೆ ಎಲ್ಲ ವಾಪಸ್ ಬರುತ್ತದೆ.’ ಅದು ನಿಜವಾಗಿದ್ದರೆ ಮಾತ್ರ.

ಆದರೆ ಈ ಮಾತು ಹೇಳಿದ ಕೂಡಲೇ ಅಂಗಡಿಯವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ನನ್ನ ಲೆಕ್ಕ ಇನ್ನೆಲ್ಲೋ ಇದೆ ಅಂದ ಮೇಲೆ ಅದನ್ನು ಇನ್ಯಾರು ನೋಡುತ್ತಾರೆ? ಎದುರಿಗೆ ಕೇಳುವುದಿಲ್ಲ, ಸುಮ್ಮನೆ ಫೋನ್ ಕೆಳಗಿಡುತ್ತಾರೆ. ಇಲ್ಲಿ ‘ಬ್ಯಾಂಕ್ ಮಟ್ಟದ ಎನ್‌ಕ್ರಿಪ್ಷನ್’ ಅಂತ ಬರೆದರೆ ಉತ್ತರ ಕೊಟ್ಟಂತೆ ಆಗುವುದಿಲ್ಲ. ಯಾರ ಕಣ್ಣಿಗೆ ಬೀಳುತ್ತದೆ ಅಂತ ಅವರು ಕೇಳುತ್ತಿರುವುದು. ಕಂಪನಿಯಲ್ಲಿ ಯಾರು ನೋಡಬಹುದು, ಯಾವಾಗ, ಅಂಗಡಿಯ ಹುಡುಗ ಕೆಲಸ ಬಿಟ್ಟುಹೋದರೆ ಅವನ ಫೋನಿನಿಂದ ಲೆಕ್ಕ ಹೇಗೆ ತೆಗೆಯುವುದು, ಆ್ಯಪ್ ಬೇಡ ಅನ್ನಿಸಿದರೆ ಲೆಕ್ಕ ವಾಪಸ್ ಪಡೆಯುವುದು ಹೇಗೆ. ಈ ನಾಲ್ಕಕ್ಕೆ ನಾಲ್ಕು ಸಾಲು ಬರೆಯಿರಿ. ಉತ್ತರ ಕಂಪನಿಯ ಇಂಜಿನಿಯರ್‌ಗಳಿಂದ ಬರಬೇಕು. ನೀವೇ ಅಂದಾಜಿನ ಮೇಲೆ ಬರೆಯಬಾರದು.

## ‘ವಸೂಲಿ 40% ಬೇಗ’ ಅಂತ ಬರೆಯಬಹುದೇ?

ಮೊದಲು ಆ 40 ಎಲ್ಲಿಂದ ಬಂತು ಅಂತ ಕೇಳಿ. ನನಗೆ ಸಿಕ್ಕ ಉತ್ತರ: ಮೊದಲು ಬಳಸಿ ನೋಡಿದ ಮೂರು ಅಂಗಡಿಗಳಲ್ಲಿ ಒಂದರದ್ದು. ಅದನ್ನು ಎಲ್ಲರಿಗೂ ಆಗುತ್ತದೆ ಅಂತ ಬರೆಯುವುದು ಸರಿಯಲ್ಲ. ಜಾಹೀರಾತಿನಲ್ಲಿ ಹೇಳಿದ್ದಕ್ಕೆ ಆಧಾರ ತೋರಿಸಲು ಆಗಬೇಕು ಅಂತ ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ ನಿಯಮದಲ್ಲೇ ಇದೆ.

ಅದು ಹಾಗಿರಲಿ, ಶೇಕಡಾ ಲೆಕ್ಕ ಅಂಗಡಿಯವರ ತಲೆಗೆ ಬೇಗ ಹೋಗುವುದೂ ಇಲ್ಲ. ಅವರ ಲೆಕ್ಕ ದಿನ ಮತ್ತು ರೂಪಾಯಿಯಲ್ಲಿರುತ್ತದೆ. ಹಾಗಾಗಿ ನಾನು ಒಂದು ಉದಾಹರಣೆಯನ್ನು ಬಿಡಿಸಿ ಇಟ್ಟೆ. ತಿಂಗಳಿಗೆ 3 ಲಕ್ಷದ ಮಾಲು ಉದ್ರಿಗೆ ಹೋಗುತ್ತದೆ ಅನ್ನಿ. ದುಡ್ಡು ಬರಲು ಸರಾಸರಿ 60 ದಿನ ಹಿಡಿದರೆ, ಯಾವಾಗ ನೋಡಿದರೂ 6 ಲಕ್ಷ ಹೊರಗೇ ಇರುತ್ತದೆ. ಅದೇ 45 ದಿನಕ್ಕೆ ಬಂದರೆ ಹೊರಗಿರುವುದು 4.5 ಲಕ್ಷ. ಒಂದೂವರೆ ಲಕ್ಷ ನಿಮ್ಮ ಕೈಗೆ ಬಂತು. ಲಾಭ ಅಲ್ಲ, ನಿಮ್ಮದೇ ದುಡ್ಡು.

ಇದನ್ನು ತೋರಿಸಿದಾಗ ತುಮಕೂರಿನ ಮಾಲೀಕರು ಕ್ಯಾಲ್ಕ್ಯುಲೇಟರ್ ಎಳೆದುಕೊಂಡು ತಮ್ಮ ಅಂಕಿ ಹಾಕಿ ನೋಡಿದರು. ‘ಇಷ್ಟು ಕೈಲಿದ್ದಿದ್ರೆ ಪೈಪ್ ಕಂಪನಿಗೆ ಟೈಮಿಗೆ ಕಟ್ಟಿ ಸಿಡಿ ತಗೋತಿದ್ದೆ’ ಅಂದರು. ಸಿಡಿ ಅಂದರೆ ಕ್ಯಾಶ್ ಡಿಸ್ಕೌಂಟ್. ಬೇಗ ದುಡ್ಡು ಕಟ್ಟಿದ ಅಂಗಡಿಗೆ ಮಾಲು ಕೊಡುವವರು ಬಿಡುವ ರಿಯಾಯಿತಿ. ‘ನಗದು ಹರಿವಿನ ಸಬಲೀಕರಣ’ ಅನ್ನುವುದರ ನಿಜವಾದ ಅರ್ಥ ಅವರ ಬಾಯಲ್ಲಿ ಬಂತು. ಪುಟದ ಮಧ್ಯದಲ್ಲಿ ಈಗ ಇರುವ ಸಾಲು: ‘ಬಾಕಿ ಬೇಗ ಬಂದರೆ ಸಪ್ಲೈಯರ್‌ಗೆ ಬೇಗ ಕಟ್ಟಬಹುದು, ಸಿಡಿ ತಪ್ಪುವುದಿಲ್ಲ.’ ಲೆಕ್ಕದ ಉದಾಹರಣೆಯ ಕೆಳಗೆ ‘ಇದು ಲೆಕ್ಕ ತಿಳಿಯಲು ಕೊಟ್ಟ ಉದಾಹರಣೆ, ಭರವಸೆಯಲ್ಲ’ ಅಂತ ಅದೇ ಗಾತ್ರದ ಅಕ್ಷರದಲ್ಲಿ ಬರೆದಿದ್ದೇವೆ.

## ಸರಳವಾಗಿ, ಮನಸ್ಸಿಗೆ ತಟ್ಟುವಂತೆ ಒಂದೇ ಸಾಲಿನಲ್ಲಿ ಹೇಳಿದರೆ ಸಾಲದೇ?

ನನ್ನ ಮೊದಲ ಪ್ರಯತ್ನ ಅದೇ ಆಗಿತ್ತು: ‘ಇನ್ನು ಉದ್ರಿ ಚಿಂತೆ ಬಿಡಿ!’ ನಾಲ್ಕು ಪದ, ಎಲ್ಲ ಕನ್ನಡ, ಒಂದೂ ಜಾರ್ಗನ್ ಇಲ್ಲ. ಅಂಗಡಿಯ ಮಾಲೀಕರು ಓದಿ ನಕ್ಕು, ‘ಯಾಕೆ, ನೀವು ಕಟ್ತೀರಾ?’ ಅಂದರು. ಆ ಶೀರ್ಷಿಕೆ ಅಲ್ಲಿಗೇ ಸತ್ತಿತು.

## ಬೆಲೆ ಎಲ್ಲಿ ಹಾಕಬೇಕು?

ಮುಚ್ಚಿಡಬೇಡಿ. ‘ಬೆಲೆಗಾಗಿ ಸಂಪರ್ಕಿಸಿ’ ಅಂದರೆ ದೊಡ್ಡ ಮೊತ್ತ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ಸಾಫ್ಟ್‌ವೇರ್ ಸೇವೆಗೆ 18% ಜಿಎಸ್‌ಟಿ ಇದೆ. ಹಾಗಾಗಿ ತಿಂಗಳಿಗೆ 400 ಅಂತ ಬರೆದು ಕಟ್ಟುವಾಗ 472 ಕೇಳಿದರೆ ಮುಖ ಸಿಂಡರಿಸುತ್ತಾರೆ. ‘ತಿಂಗಳಿಗೆ 472 ರೂಪಾಯಿ, ಜಿಎಸ್‌ಟಿ ಸೇರಿ. ಜಿಎಸ್‌ಟಿ ಬಿಲ್ಲು ಕೊಡುತ್ತೇವೆ’ ಅಂತ ಬರೆದರೆ, ಮಾಮೂಲಿ ನೋಂದಣಿ ಇರುವವರಿಗೆ 72 ರೂಪಾಯಿ ಇನ್‌ಪುಟ್ ಸಿಗುತ್ತದೆ ಅಂತ ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ಅದು ಸಿಗುವುದಿಲ್ಲ. ಆದ್ದರಿಂದ ‘ನಿಮಗೆ ಬೀಳುವುದು 400 ಮಾತ್ರ’ ಅಂತ ಎಲ್ಲರಿಗೂ ಹೇಳಬೇಡಿ.

## ಬಟನ್ ಮೇಲೆ?

ಒತ್ತಿದ ಮೇಲೆ ಏನಾಗುತ್ತದೋ ಅದನ್ನೇ ಬರೆಯಿರಿ. ‘ಪ್ರಾರಂಭಿಸಿ’ ಬೇಡ. ‘ಫೋನ್ ಮಾಡಿ ಕೇಳಿ’ ಅಥವಾ ‘15 ದಿನ ಬಳಸಿ ನೋಡಿ’. ಡೆಮೊ ಅನ್ನುವ ಪದ ಎಲ್ಲರಿಗೂ ಗೊತ್ತು, ಇರಲಿ.

## ನಮ್ಮ ಫೌಂಡರ್‌ಗೆ ಇದು ‘ತೀರಾ ಸಾದಾ’ ಅನ್ನಿಸುತ್ತದೆ. ಹೂಡಿಕೆದಾರರು ನೋಡಿದರೆ ಏನಂದುಕೊಳ್ಳುತ್ತಾರೆ ಅನ್ನುತ್ತಾರೆ.

ಈ ಭಯ ಸುಳ್ಳಲ್ಲ. ಹೂಡಿಕೆದಾರರಿಗೆ ‘ರಿಸೀವಬಲ್ಸ್ ಪ್ಲಾಟ್‌ಫಾರ್ಮ್’ ಅನ್ನುವ ಮಾತಿಗೆ ಅರ್ಥವಿದೆ, ಅದು ಅವರ ಪದ. ಹಾಗಾದರೆ ಅವರಿಗೆ ಬೇರೆ ಪುಟ ಮಾಡಿ. ಕೆಳಗೆ ಸಣ್ಣದಾಗಿ ‘ಕಂಪನಿಯ ಬಗ್ಗೆ’ ಅಂತ ಲಿಂಕ್ ಇದ್ದರೆ ಹುಡುಕಿಕೊಂಡು ಹೋಗುತ್ತಾರೆ. ಮೂರನೆಯ ಓದುಗರೂ ಒಬ್ಬರಿದ್ದಾರೆ, ಅವರನ್ನು ಎಲ್ಲರೂ ಮರೆಯುತ್ತಾರೆ: ಆಡಿಟರ್. ನಮ್ಮ ಊರುಗಳಲ್ಲಿ ರಿಟರ್ನ್ ಹಾಕಿಕೊಡುವವರನ್ನೆಲ್ಲ ಹಾಗೇ ಕರೆಯುತ್ತಾರೆ. ಅಂಗಡಿಯವರು ದುಡ್ಡು ಕಟ್ಟುವ ಮುಂಚೆ ಆಡಿಟರ್‌ಗೆ ಒಂದು ಫೋನ್ ಮಾಡುತ್ತಾರೆ. ‘ನಿಮ್ಮ ಆಡಿಟರ್‌ಗೆ ಕಳಿಸಿ’ ಅಂತ ಒಂದು ಪುಟ ಮಾಡಿ, ಟ್ಯಾಲಿಯ ಯಾವ ಆವೃತ್ತಿ ಬೇಕು, ಯಾವ ಲೆಡ್ಜರ್‌ಗಳನ್ನು ಓದುತ್ತದೆ, ಟ್ಯಾಲಿಗೆ ಏನನ್ನಾದರೂ ವಾಪಸ್ ಬರೆಯುತ್ತದೆಯೇ ಅನ್ನುವುದನ್ನೆಲ್ಲ ಅಲ್ಲಿ ಹಾಕಿ. ಆ ಪುಟದಲ್ಲಿ ತಾಂತ್ರಿಕ ಪದ ಎಷ್ಟು ಬೇಕಾದರೂ ಇರಲಿ.

ಫೌಂಡರ್ ಜೊತೆ ವಾದ ಮಾಡಿ ಗೆದ್ದ ನೆನಪು ನನಗಿಲ್ಲ. ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿದ್ದು ಮಾತ್ರ ಎರಡು ಸಲ ಕೆಲಸ ಮಾಡಿದೆ.

## ಅರ್ಥ ಆಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ?

‘ಅರ್ಥ ಆಯ್ತಾ?’ ಅಂತ ಮಾತ್ರ ಕೇಳಬೇಡಿ. ನಮ್ಮ ಜನ ದಾಕ್ಷಿಣ್ಯಕ್ಕೆ ‘ಹೂಂ, ಚೆನ್ನಾಗಿದೆ’ ಅನ್ನುತ್ತಾರೆ. ಮನೆಗೆ ಬಂದವರ ಮುಂದೆ ಅರ್ಥ ಆಗಲಿಲ್ಲ ಅಂತ ಯಾರು ಒಪ್ಪಿಕೊಳ್ಳುತ್ತಾರೆ?

ನಾನು ಮಾಡುವುದು ಹೀಗೆ. ಪುಟವನ್ನು ಸಾಮಾನ್ಯ ಬೆಲೆಯ ಫೋನಿನಲ್ಲಿ ತೆರೆದು ಅವರ ಕೈಗೆ ಕೊಡುತ್ತೇನೆ. ಮನಸ್ಸಿನಲ್ಲೇ ಐದು ಎಣಿಸಿ ವಾಪಸ್ ತೆಗೆದುಕೊಳ್ಳುತ್ತೇನೆ. ಆಮೇಲೆ, ‘ಪಕ್ಕದ ಅಂಗಡಿಯವರು ಇದೇನು ಅಂತ ಕೇಳಿದರೆ ಏನು ಹೇಳುತ್ತೀರಿ?’ ಅನ್ನುತ್ತೇನೆ. ಹಳೆಯ ಬರಹಕ್ಕೆ ಬಂದ ಉತ್ತರಗಳು: ‘ಟ್ಯಾಲಿ ಥರ ಏನೋ’, ‘ಸಾಲ ಕೊಡೋ ಆ್ಯಪ್ ಇರಬೇಕು’. ಎರಡನೆಯದು ಕೇಳಿ ಕಂಪನಿಯವರು ಬೆಚ್ಚಿದರು. ಸಾಲದ ಆ್ಯಪ್ ಅಂತ ತಿಳಿದವರು ಫೋನ್ ನಂಬರ್ ಕೊಡುವುದೇ ಇಲ್ಲ. ಹೊಸ ಬರಹಕ್ಕೆ ಬಂದ ಮೊದಲ ಉತ್ತರ: ‘ಬಾಕಿ ಪುಸ್ತಕ, ಫೋನಲ್ಲಿ’. ನಾನು ಬರೆದದ್ದಕ್ಕಿಂತ ಅವರು ಹೇಳಿದ್ದೇ ಚೆನ್ನಾಗಿತ್ತು, ಅದನ್ನು ಕದ್ದು ವಾಟ್ಸಾಪ್ ಜಾಹೀರಾತಿಗೆ ಹಾಕಿದೆ.

ಐದು ಜನ ಸಾಕು. ಇಬ್ಬರು ಒಂದೇ ಜಾಗದಲ್ಲಿ ಎಡವಿದರೆ ಮೂರನೆಯವರಿಗೆ ಕಾಯಬೇಡಿ, ಅಲ್ಲೇ ತಿದ್ದಿ. ಮತ್ತೆ ಅದೇ ಜನರಿಗೆ ತೋರಿಸಬೇಡಿ, ಅವರಿಗೆ ಈಗ ವಿಷಯ ಗೊತ್ತಾಗಿಬಿಟ್ಟಿದೆ.

ಫೋನ್ ಅಂದಾಗ ನೆನಪಾಯಿತು. ಇಂಗ್ಲಿಷಿಗೆ ಮಾಡಿದ ಡಿಸೈನ್‌ನಲ್ಲಿ ಸಾಲುಗಳ ನಡುವಿನ ಜಾಗ ಕಡಿಮೆ ಇರುತ್ತದೆ. ಕನ್ನಡ ಹಾಕಿದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಡಿಸೈನರ್‌ಗೆ ಇಷ್ಟು ಹೇಳಿ:

```
line-height: 1.6;
```

## ಓದಲು ಎಷ್ಟು ಸುಲಭ ಅಂತ ಅಂಕ ಕೊಡುವ ಟೂಲ್‌ಗಳು ಇವೆಯಲ್ಲ?

ಇಂಗ್ಲಿಷಿಗೆ ಇವೆ. ಫ್ಲೆಶ್ ಸೂತ್ರ 1948ರದ್ದು. ವಾಕ್ಯದಲ್ಲಿ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರದ ತುಂಡು ಅಂತ ಎಣಿಸಿ ಅಂಕ ಕೊಡುತ್ತದೆ. ಕನ್ನಡಕ್ಕೆ ಇದು ಹೊಂದುವುದಿಲ್ಲ. ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ‘ಅಂಗಡಿಯವರಿಗಾಗಿಯೇ’ ಅನ್ನುವುದು ಉದ್ದ, ಆದರೆ ಯಾರಿಗೆ ಕಷ್ಟ? ‘ಹೂಡಿಕೆ’ ಗಿಡ್ಡ, ಆದರೂ ಕಿರಾಣಿ ಅಂಗಡಿಯಲ್ಲಿ ‘ಬಂಡವಾಳ’ ಅಂದರೇ ಬೇಗ ತಿಳಿಯುವುದು. ಉದ್ದ ನೋಡಿ ಅಳೆಯಲು ಆಗುವುದಿಲ್ಲ. ಜೋರಾಗಿ ಓದಿ ನೋಡಿ, ಉಸಿರು ಕಟ್ಟಿದ ಕಡೆ ಸಾಲು ಮುರಿಯಿರಿ.

## ಇಷ್ಟೆಲ್ಲ ತಿದ್ದಿದ ಮೇಲೂ ಯಾರೂ ಫೋನ್ ಮಾಡದಿದ್ದರೆ?

ಹಾಗೂ ಆಗುತ್ತದೆ. ಆಗ ಎರಡು ಬೇರೆ ಬೇರೆ ಕಾಯಿಲೆಗಳನ್ನು ಬಿಡಿಸಿ ನೋಡಬೇಕು. ಐದು ಎಣಿಸುವ ಪರೀಕ್ಷೆಯಲ್ಲಿ ಜನ ಸರಿಯಾಗಿ ಹೇಳುತ್ತಿಲ್ಲ ಅಂದರೆ ತಪ್ಪು ಬರಹದ್ದು, ನನ್ನದು. ಸರಿಯಾಗಿ ಹೇಳಿ, ‘ನಮಗೆ ಬೇಡ ಬಿಡಿ’ ಅಂದರೆ ಬರಹ ತನ್ನ ಕೆಲಸ ಮಾಡಿದೆ. ಅವರಿಗೆ ಅರ್ಥವಾಗಿದೆ, ಅರ್ಥವಾಗಿಯೇ ಬೇಡ ಅಂದಿದ್ದಾರೆ. ಮೊದಲು ಜಾರ್ಗನ್ ಇದ್ದಾಗ ಈ ವ್ಯತ್ಯಾಸ ತಿಳಿಯುತ್ತಲೇ ಇರಲಿಲ್ಲ, ಕಂಪನಿಯವರು ‘ಜನಕ್ಕೆ ಇನ್ನೂ ಅರಿವಿಲ್ಲ’ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ನಮ್ಮ ಉದ್ರಿ ಆ್ಯಪ್‌ಗೂ ಅದೇ ಆಯಿತು. ಟ್ಯಾಲಿ ಇರುವ ಅಂಗಡಿಗಳಿಂದ ಫೋನ್ ಬರತೊಡಗಿತು. ಪುಸ್ತಕದಲ್ಲಿ ಲೆಕ್ಕ ಬರೆಯುವ ಸಣ್ಣ ಅಂಗಡಿಯವರು ಪುಟವನ್ನು ಪೂರ್ತಿ ಓದಿ, ಅರ್ಥ ಮಾಡಿಕೊಂಡು, ‘ಮೊದಲು ಟ್ಯಾಲಿ ಹಾಕಿಸ್ಬೇಕಾ? ಹಾಗಾದ್ರೆ ಬೇಡ’ ಅಂದರು. ಕಂಪನಿಯವರು ಶೀರ್ಷಿಕೆ ಬದಲಿಸೋಣ ಅಂತ ನನಗೆ ಮತ್ತೆ ಫೋನ್ ಮಾಡಿದರು. ಬದಲಿಸಲಿಲ್ಲ. ಅದರ ಬದಲು ‘ಟ್ಯಾಲಿ ಬಳಸುವ ಅಂಗಡಿಗಳಿಗೆ’ ಅನ್ನುವ ಮೂರು ಪದಗಳನ್ನು ಶೀರ್ಷಿಕೆಯ ಮೇಲೆ ಸೇರಿಸಿದೆ. ಪುಸ್ತಕದವರಿಗೆ ಏನು ಮಾಡಬೇಕು ಅನ್ನುವುದನ್ನು ಅವರ ಇಂಜಿನಿಯರ್‌ಗಳು ಈಗ ಯೋಚಿಸುತ್ತಿದ್ದಾರೆ.